ಆಗಿಹೋದ ಪಾಲನ್ನು ಮತ್ತೆ ತೆರೆಯುವುದು ಯಾವಾಗ?

ಹಿಂದೂ ಅವಿಭಕ್ತ ಕುಟುಂಬದ ಆಸ್ತಿ ಒಮ್ಮೆ ಪಾಲಾದ ಮೇಲೆ ಮತ್ತೆ ಪಾಲಾಗುವುದಿಲ್ಲ. ಇದು ಮೂಲ ನಿಯಮ. ಮನುಸ್ಮೃತಿಯ ಕಾಲದಿಂದಲೂ ನಡೆದುಬಂದದ್ದು, ಇಂದಿನ ನ್ಯಾಯಾಲಯಗಳೂ ಒಪ್ಪುವಂಥದ್ದು. ಪಾಲು ಮಾಡಿಕೊಂಡವರು ಅದನ್ನು ನಂಬಿ ಬಾವಿ ತೋಡಿಸುತ್ತಾರೆ, ಮನೆ ಕಟ್ಟುತ್ತಾರೆ, ಸಾಲ ಮಾಡುತ್ತಾರೆ. ಹತ್ತು ವರ್ಷದ ಮೇಲೆ ಒಬ್ಬನಿಗೆ ಮನಸ್ಸು ಬದಲಾಯಿತೆಂದು ಅದನ್ನೆಲ್ಲ ಕಲಕಲು ಬಿಟ್ಟರೆ ಯಾರ ಹಕ್ಕೂ ನಿಲ್ಲುವುದಿಲ್ಲ.

ಆದರೂ ನಿಯಮಕ್ಕೆ ವಿನಾಯಿತಿಗಳಿವೆ. ಹೊಸದಾಗಿ ಈ ವಿಷಯಕ್ಕೆ ಬರುವವರು ಅವನ್ನೆಲ್ಲ ಒಟ್ಟಿಗೆ ಸೇರಿಸಿ ‘ಅನ್ಯಾಯವಾಗಿದೆ, ಪಾಲುಪಟ್ಟಿ ರದ್ದು ಮಾಡಿಸಬೇಕು’ ಎಂದು ಹೊರಡುತ್ತಾರೆ. ಮೊದಲು ಕೇಳಬೇಕಾದ್ದು ನಮ್ಮ ತಕರಾರು ಯಾವುದು ಎಂದು. ಮೋಸವೇ? ಪಟ್ಟಿಯಲ್ಲಿ ಬಿಟ್ಟುಹೋದ ಆಸ್ತಿಯೇ? ಅಪ್ರಾಪ್ತ ವಯಸ್ಸಿನ ಮಗುವಿಗಾದ ಹಾನಿಯೇ? ಯಾರು ರುಜುವಾತು ಮಾಡಬೇಕು, ಎಷ್ಟರೊಳಗೆ ಕೋರ್ಟಿಗೆ ಹೋಗಬೇಕು, ಗೆದ್ದರೆ ಏನು ಸಿಗುತ್ತದೆ ಎಂಬ ಮೂರೂ ಪ್ರಶ್ನೆಗಳಿಗೆ ಒಂದೊಂದು ತಕರಾರಿನಲ್ಲಿ ಒಂದೊಂದು ಉತ್ತರ.

ಒಂದು ಉದಾಹರಣೆ ಕಟ್ಟಿಕೊಳ್ಳೋಣ. ಅಜ್ಜನಿಗೆ ಇಬ್ಬರು ಗಂಡುಮಕ್ಕಳು, ಹೆಣ್ಣುಮಕ್ಕಳಿಲ್ಲ. ಅಜ್ಜ, ಅಜ್ಜಿ ಇಬ್ಬರೂ ಇಲ್ಲ. ಕಿರಿಯ ಮಗನೂ ಅವನ ಹೆಂಡತಿಯೂ ತೀರಿಕೊಂಡಿದ್ದಾರೆ. ಉಳಿದವನು ಅವರ ಒಬ್ಬನೇ ಹುಡುಗ, 2003ರ ಜೂನ್‌ನಲ್ಲಿ ಹುಟ್ಟಿದವನು. 2012ರಲ್ಲಿ ದೊಡ್ಡಪ್ಪ ಮತ್ತು ಹುಡುಗನ ನಡುವೆ ನೋಂದಾಯಿತ ವಿಭಾಗ ಪತ್ರವಾಗುತ್ತದೆ. ಹುಡುಗನ ಪರವಾಗಿ ಸೋದರಮಾವ ಸಹಿ ಹಾಕುತ್ತಾನೆ. ಕುಟುಂಬಕ್ಕಿದ್ದದ್ದು ಕೆರೆಯ ಕೆಳಗಿನ 2 ಎಕರೆ ತರಿ, ಊರಾಚೆಯ 4 ಎಕರೆ ಖುಷ್ಕಿ. ತರಿ ದೊಡ್ಡಪ್ಪನಿಗೆ, ಖುಷ್ಕಿ ಹುಡುಗನಿಗೆ. ‘ನೀರಾವರಿ ಇಲ್ಲದ ಕಾರಣ ವಿಸ್ತೀರ್ಣದಲ್ಲಿ ಎರಡರಷ್ಟು ಕೊಡಲಾಗಿದೆ’ ಎಂದು ಪತ್ರದಲ್ಲೇ ಬರೆದಿದೆ.

ಈಗ ಮೊದಲ ತಕರಾರು, ಮೋಸ. ವಯಸ್ಕರು ಒಪ್ಪಿ ಮಾಡಿಕೊಂಡ ಪಾಲನ್ನು ಕೆಡವಬೇಕಾದರೆ ವಂಚನೆ, ಬಲವಂತ, ಸುಳ್ಳು ನಿರೂಪಣೆ ಅಥವಾ ಅನುಚಿತ ಪ್ರಭಾವ ನಡೆದಿದೆ ಎಂದು ತೋರಿಸಬೇಕು. ತೋರಿಸುವ ಹೊಣೆ ಪೂರ್ತಿ ಆಪಾದಿಸುವವನದೇ. ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 6, ನಿಯಮ 4ರ ಪ್ರಕಾರ ದಾವೆಯ ಅರ್ಜಿಯಲ್ಲೇ ವಿವರ ಕೊಡಬೇಕು: ಯಾರು, ಯಾವಾಗ, ಏನು ಹೇಳಿದರು, ಯಾವ ದಾಖಲೆ ಮುಚ್ಚಿಟ್ಟರು. ‘ನಮಗೆ ಮೋಸವಾಗಿದೆ’ ಎಂಬ ಒಂದು ಸಾಲು ಸಾಲದೆಂದು ಸುಪ್ರೀಂ ಕೋರ್ಟು 1951ರಲ್ಲಿಯೇ ಬಿಷುಂದೇವ್ ನಾರಾಯಣ್ ಪ್ರಕರಣದಲ್ಲಿ ಹೇಳಿದೆ. ‘ಓದದೆ ಸಹಿ ಹಾಕಿದೆ’ ಎಂಬ ಮಾತೂ ಸಾಮಾನ್ಯವಾಗಿ ನಿಲ್ಲುವುದಿಲ್ಲ. ಪತ್ರವನ್ನು ರದ್ದುಪಡಿಸುವ ದಾವೆಗೆ ಕಾಲಮಿತಿ ಕಾಯ್ದೆಯ 59ನೇ ಅನುಚ್ಛೇದ 3 ವರ್ಷ ಕೊಡುತ್ತದೆ. ಮೋಸವಿದ್ದಲ್ಲಿ ಆ ಅವಧಿ ಮೋಸ ತಿಳಿದ ದಿನದಿಂದ, ಅಥವಾ ಸಾಕಷ್ಟು ಎಚ್ಚರಿಕೆ ವಹಿಸಿದ್ದರೆ ತಿಳಿಯಬಹುದಾಗಿದ್ದ ದಿನದಿಂದ ಶುರುವಾಗುತ್ತದೆ. ಹೀಗಾಗಿ ‘ನಿನಗೆ ಯಾವಾಗ, ಹೇಗೆ ಗೊತ್ತಾಯಿತು?’ ಎಂಬುದು ಪಾಟೀಸವಾಲಿನಲ್ಲಿ ತಪ್ಪದೆ ಬರುವ ಪ್ರಶ್ನೆ.

ಎರಡನೆಯದು ಬಿಟ್ಟುಹೋದ ಆಸ್ತಿ. ನಮ್ಮ ಉದಾಹರಣೆಯಲ್ಲಿ ಊರೊಳಗೆ ಅಜ್ಜನ ಹೆಸರಿನಲ್ಲಿ ಒಂದು ನಿವೇಶನವೂ ಇತ್ತು ಎಂದುಕೊಳ್ಳಿ. ಪಾಲುಪಟ್ಟಿ ಬರೆಯುವಾಗ ಪಹಣಿಗಳನ್ನು ಮುಂದಿಟ್ಟುಕೊಂಡು ಷೆಡ್ಯೂಲು ಬರೆದರು. ನಿವೇಶನದ ಖಾತೆ ಇರುವುದು ಗ್ರಾಮ ಪಂಚಾಯಿತಿಯಲ್ಲಿ. ಅದು ಪಹಣಿಯಲ್ಲಿ ಕಾಣುವುದಿಲ್ಲ. ಹೀಗಾಗಿ ಬಿಟ್ಟುಹೋಯಿತು.

ಇಲ್ಲಿ ಹೊಸಬರು ಎಡವುವುದು ಇಡೀ ವಿಭಾಗ ಪತ್ರವನ್ನೇ ರದ್ದು ಮಾಡಿ ಎಂದು ಕೇಳುವುದರಲ್ಲಿ. ಅದು ಬೇಕಿಲ್ಲ. ಬಿಟ್ಟುಹೋದ ಆಸ್ತಿ ಪಾಲಾಗಿಯೇ ಇಲ್ಲ. ಅದು ಇನ್ನೂ ಕುಟುಂಬದ್ದೇ. ಅದೊಂದನ್ನೇ ಪಾಲು ಮಾಡಿಕೊಡಿ ಎಂದು ಕೇಳಿದರೆ ಸಾಕು, ಮೊದಲಿನ ಪಾಲು ಹಾಗೆಯೇ ನಿಲ್ಲುತ್ತದೆ. ಈ ವಿಚಾರ ಮಿತಾಕ್ಷರದಲ್ಲಿಯೇ ಇದೆ. ಚಾಲುಕ್ಯ ವಿಕ್ರಮಾದಿತ್ಯನ ರಾಜಧಾನಿ ಕಲ್ಯಾಣದಲ್ಲಿ, ಅಂದರೆ ಇಂದಿನ ಬಸವಕಲ್ಯಾಣದಲ್ಲಿ, ಅದನ್ನು ಬರೆದ ವಿಜ್ಞಾನೇಶ್ವರ ಯಾಜ್ಞವಲ್ಕ್ಯನ ಮಾತನ್ನು ವಿವರಿಸುತ್ತ, ಪಾಲಾದ ಮೇಲೆ ಬಚ್ಚಿಟ್ಟ ಸ್ವತ್ತು ಕಂಡರೆ ಎಲ್ಲರೂ ಸಮವಾಗಿ ಹಂಚಿಕೊಳ್ಳಬೇಕು, ಕಂಡವನೊಬ್ಬನೇ ಇಟ್ಟುಕೊಳ್ಳುವಂತಿಲ್ಲ ಎನ್ನುತ್ತಾನೆ. ಬಿಟ್ಟದ್ದು ಬಹಳ ದೊಡ್ಡದಾಗಿ, ಅದೊಂದನ್ನೇ ಹಂಚಿ ಸರಿದೂಗಿಸಲು ಆಗದಿದ್ದಾಗ ಮಾತ್ರ ಇಡೀ ಪಾಲನ್ನು ತೆರೆಯುವ ಮಾತು ಬರುತ್ತದೆ.

ಆದರೆ ಒಮ್ಮೆ ಪಾಲಾಯಿತೆಂದರೆ ಎಲ್ಲ ಆಸ್ತಿಯೂ ಪಾಲಾಯಿತೆಂದೇ ಕೋರ್ಟು ಮೊದಲು ಭಾವಿಸುತ್ತದೆ. ಬಿಟ್ಟಿದೆ ಎನ್ನುವವನು ಎರಡು ಸಂಗತಿ ತೋರಿಸಬೇಕು: ಆ ಆಸ್ತಿ ಕುಟುಂಬದ್ದು, ಮತ್ತು ಅದು ಪಾಲಿನಲ್ಲಿ ಸೇರಿರಲಿಲ್ಲ. ವಿಭಾಗ ಪತ್ರದ ಕೊನೆಯಲ್ಲಿ ‘ಇನ್ನು ಯಾವ ಜಂಟಿ ಆಸ್ತಿಯೂ ಉಳಿದಿರುವುದಿಲ್ಲ’ ಎಂಬ ಸಾಲಿದ್ದರೆ ಅದು ಅವನ ವಿರುದ್ಧ ಸಾಕ್ಷ್ಯವಾಗುತ್ತದೆ. ಅಷ್ಟರಿಂದಲೇ ಹಕ್ಕು ಹೋಗುವುದಿಲ್ಲ. ಅಜ್ಜನ ಹೆಸರಿನಲ್ಲಿಯೇ ಮುಂದುವರಿದ ಪಂಚಾಯಿತಿ ಖಾತೆ ಇಲ್ಲಿ ಒಳ್ಳೆಯ ಆಧಾರ.

ಮೂರನೆಯ ತಕರಾರು ಬಹಳ ಭಿನ್ನ. ಅಪ್ರಾಪ್ತರಿದ್ದಾರೆಂಬ ಕಾರಣಕ್ಕೆ ಪಾಲು ತಾನಾಗಿ ಬಿದ್ದುಹೋಗುವುದಿಲ್ಲ. ಪ್ರಾಮಾಣಿಕವಾಗಿ, ಮಗುವಿನ ಹಿತ ನೋಡಿ ಮಾಡಿದ ಪಾಲು ಮಗುವನ್ನೂ ಕಟ್ಟಿಹಾಕುತ್ತದೆ. ಆದರೆ ಪಾಲು ಅನ್ಯಾಯವಾಗಿ ಮಗುವಿನ ಹಿತಕ್ಕೆ ಧಕ್ಕೆ ತಂದಿದ್ದರೆ ಮೋಸವನ್ನು ತೋರಿಸಬೇಕಾಗಿಯೇ ಇಲ್ಲ. ರತ್ನಂ ಚೆಟ್ಟಿಯಾರ್ ಪ್ರಕರಣದಲ್ಲಿ 1975ರಲ್ಲಿ ಸುಪ್ರೀಂ ಕೋರ್ಟು ಇದನ್ನು ಸ್ಪಷ್ಟಪಡಿಸಿ, ಪಾಲು ನ್ಯಾಯವಾಗಿತ್ತೆಂದು ತೋರಿಸುವ ಹೊಣೆಯನ್ನು ಅದನ್ನು ಸಮರ್ಥಿಸುವವರ ಮೇಲೆ ಹಾಕಿತು. ನಮ್ಮ ಉದಾಹರಣೆಯಲ್ಲಿ ಲೆಕ್ಕ ಕೊಡಬೇಕಾದವನು ದೊಡ್ಡಪ್ಪ. ಅದೇ ತೀರ್ಪಿನಲ್ಲಿ ಸ್ಥಿರಾಸ್ತಿಯ ಪಾಲನ್ನು ಉಳಿಸಿ ಚರಾಸ್ತಿಯ ಪಾಲನ್ನಷ್ಟೇ ತೆರೆಯಲಾಯಿತು. ಎರಡು ಪಾಲುಗಳು ಬೇರ್ಪಡಿಸುವಂತಿದ್ದರೆ ಕೆಟ್ಟದ್ದನ್ನಷ್ಟೇ ತೆರೆದರೆ ಸಾಕು.

ಅನ್ಯಾಯವನ್ನು ಅಳೆಯುವುದು ಹೇಗೆ? ವಿಸ್ತೀರ್ಣದಿಂದಲ್ಲ, ಬೆಲೆಯಿಂದ, ಇಂದಿನ ಬೆಲೆಯಿಂದಲ್ಲ, ಪಾಲಾದ ದಿನದ ಬೆಲೆಯಿಂದ. 2012ರ ನಂತರ ಹೆದ್ದಾರಿ ಬಂದು ಒಂದು ಜಮೀನಿನ ಬೆಲೆ ಏರಿದರೆ ಅದು ಯಾರ ತಪ್ಪೂ ಅಲ್ಲ. ಆ ವರ್ಷ ತರಿ ಎಕರೆಗೆ 20 ಲಕ್ಷ, ಖುಷ್ಕಿ 4 ಲಕ್ಷ ಇತ್ತೆಂದುಕೊಳ್ಳಿ. ದೊಡ್ಡಪ್ಪನಿಗೆ ಹೋದದ್ದು 40 ಲಕ್ಷದ ಆಸ್ತಿ, ಹುಡುಗನಿಗೆ ಬಂದದ್ದು 16 ಲಕ್ಷದ್ದು. ಒಟ್ಟು 56 ಲಕ್ಷದಲ್ಲಿ ಅರ್ಧ 28 ಲಕ್ಷ. ‘ಎರಡರಷ್ಟು ಕೊಟ್ಟಿದ್ದೇವೆ’ ಎಂಬ ಸಾಲಿನ ಕೆಳಗೆ 12 ಲಕ್ಷದ ಕೊರತೆ ಅಡಗಿದೆ. ಒಂದೆರಡು ಗುಂಟೆಯ ಹೆಚ್ಚುಕಡಿಮೆಯಾಗಿದ್ದರೆ ಕೋರ್ಟು ಕೈ ಹಾಕುತ್ತಿರಲಿಲ್ಲ. ಕುಟುಂಬದ ಪಾಲು ತಕ್ಕಡಿಯಲ್ಲಿ ತೂಗಿದಷ್ಟು ಸಮವಾಗಿರಬೇಕೆಂದು ಯಾರೂ ಕೇಳುವುದಿಲ್ಲ. ಇಲ್ಲಿ ಬಂದದ್ದು ನ್ಯಾಯವಾದ ಪಾಲಿನ ಮುಕ್ಕಾಲು ಭಾಗವೂ ಅಲ್ಲ.

ಬೆಲೆಗೆ ಆಧಾರ ಬೇಕು. ಆ ವರ್ಷದ ಮಾರ್ಗಸೂಚಿ ಬೆಲೆಯ ಪಟ್ಟಿ, ಅಕ್ಕಪಕ್ಕದ ಸರ್ವೆ ನಂಬರುಗಳಲ್ಲಿ 2011–2013ರ ಸುಮಾರಿಗೆ ಆದ ಕ್ರಯಪತ್ರಗಳ ದೃಢೀಕೃತ ನಕಲು, ನೀರಾವರಿಯನ್ನೂ ಬೆಳೆಯನ್ನೂ ತೋರಿಸುವ ಆ ವರ್ಷಗಳ ಪಹಣಿ. ಕ್ರಯಪತ್ರಗಳ ಸುಳಿವು ಋಣಭಾರ ಪತ್ರದಲ್ಲಿ ಸಿಗುತ್ತದೆ. ಸೋದರಮಾವನ ಪಾತ್ರವನ್ನೂ ನೋಡಬೇಕು. ಅವನು ಬೆಲೆ ವಿಚಾರಿಸಿದ್ದನೇ? ಆ ದಿನಗಳಲ್ಲಿ ದೊಡ್ಡಪ್ಪನಿಂದ ಅವನಿಗೇನಾದರೂ ಸಂದಿತ್ತೇ? ದೊಡ್ಡಪ್ಪನೇ ತನಗೂ ಹುಡುಗನಿಗೂ ಸೇರಿಸಿ ಸಹಿ ಹಾಕಿದ್ದರೆ ಸಂಶಯ ಇನ್ನೂ ಗಾಢವಾಗುತ್ತಿತ್ತು.

ಕಾಲದ ವಿಷಯದಲ್ಲಿ ಎಚ್ಚರ ಬೇಕು. ಅನ್ಯಾಯದ ಪಾಲನ್ನು ಎಷ್ಟು ಕಾಲವಾದರೂ ತೆರೆಯಬಹುದೆಂಬ ಮಾತು 1975ರ ತೀರ್ಪಿನಲ್ಲಿದೆ. ಅದನ್ನೇ ನೆಚ್ಚಿ ಕೂರುವುದು ಜಾಣತನವಲ್ಲ. ಹುಡುಗನಿಗೆ 18 ತುಂಬುವುದು 2021ರ ಜೂನ್‌ನಲ್ಲಿ. ಅಲ್ಲಿಂದ 3 ವರ್ಷ, ಅಂದರೆ 2024ರ ಜೂನ್‌ವರೆಗಿನ ಅವಧಿಯನ್ನೇ ಗಡಿಯೆಂದು ಹಿಡಿದು ದಾವೆ ಹೂಡಬೇಕು. ಆ ನಡುವೆ ಅವನು ತನ್ನ ಪಾಲಿಗೆ ಬಂದ ಖುಷ್ಕಿಯನ್ನು ಅದೇ ವಿಭಾಗ ಪತ್ರ ತೋರಿಸಿ ಮಾರಿದರೆ ಅಥವಾ ಅಡವಿಟ್ಟರೆ, ಪ್ರಾಪ್ತನಾದ ಮೇಲೆ ಪಾಲನ್ನು ಒಪ್ಪಿಕೊಂಡಿದ್ದಾನೆ ಎಂಬ ವಾದಕ್ಕೆ ಎದುರಾಳಿಗೆ ದಾರಿಯಾಗುತ್ತದೆ.

ಪಾಲು ನೋಂದಾಯಿತ ಪತ್ರದಿಂದಲ್ಲದೆ ಕೋರ್ಟಿನ ರಾಜಿ ಡಿಕ್ರಿಯಿಂದ ಆಗಿದ್ದರೆ ದಾರಿ ಬೇರೆ. ಮೈನರ್ ಪರವಾಗಿ ರಾಜಿ ಮಾಡಿಕೊಳ್ಳಲು ಕೋರ್ಟಿನ ಅನುಮತಿ ದಾಖಲಾಗಿರಬೇಕು ಎನ್ನುತ್ತದೆ ಆದೇಶ 32, ನಿಯಮ 7. ಹಳೆಯ ಕಡತದ ಆರ್ಡರ್ ಶೀಟ್ ತರಿಸಿ ಮೊದಲು ಅದನ್ನೇ ಹುಡುಕಬೇಕು. ರಾಜಿಯೇ ಕಾನೂನುಬದ್ಧವಲ್ಲ ಎನ್ನಲು ಹೊಸ ದಾವೆ ಹೂಡುವಂತಿಲ್ಲ, ಡಿಕ್ರಿ ಕೊಟ್ಟ ಕೋರ್ಟಿಗೇ ಹೋಗಬೇಕು ಎಂಬುದು ಆದೇಶ 23, ನಿಯಮ 3ಎಯ ಮಾತು. ಇನ್ನು ತಹಶೀಲ್ದಾರರ ಮುಂದೆ ಪಹಣಿ ತಿದ್ದುಪಡಿಗೆ ಅರ್ಜಿ ಹಾಕಿದರೆ ಪಾಲು ತೆರೆಯುವುದಿಲ್ಲ. ಅದು ಸಿವಿಲ್ ಕೋರ್ಟಿನ ಕೆಲಸ.

ಹುಡುಗ ಗೆದ್ದನೆನ್ನಿ. ಎಲ್ಲವೂ ಮಗುಚಿ ಬೀಳುವುದಿಲ್ಲ. ತರಿಯಲ್ಲಿ 30 ಗುಂಟೆ ಅವನಿಗೆ, ಖುಷ್ಕಿಯಲ್ಲಿ 30 ಗುಂಟೆ ದೊಡ್ಡಪ್ಪನಿಗೆ ಬದಲಾದರೆ 2012ರ ಲೆಕ್ಕದಲ್ಲಿ ಇಬ್ಬರಿಗೂ 28 ಲಕ್ಷ. ನಿಜವಾದ ಗಡಿಯನ್ನು ಅಂತಿಮ ಡಿಕ್ರಿಯ ಹಂತದಲ್ಲಿ ಕೋರ್ಟು ನೇಮಿಸಿದ ಕಮಿಷನರ್ ಅಳೆದು, ಬೆಲೆ ಕಟ್ಟಿ ಸೂಚಿಸುತ್ತಾರೆ. ಜಮೀನು ತುಂಡು ಮಾಡಲಾಗದಿದ್ದರೆ ಹಣದಿಂದ ಸರಿದೂಗಿಸುತ್ತಾರೆ. ದೊಡ್ಡಪ್ಪ 2019ರಲ್ಲಿ ತರಿಯ 20 ಗುಂಟೆ ಹೊರಗಿನವರಿಗೆ ಮಾರಿದ್ದರೆ ಆ ಕೊಂಡವರನ್ನೂ ದಾವೆಯಲ್ಲಿ ಪ್ರತಿವಾದಿ ಮಾಡಬೇಕು. ಸಾಧ್ಯವಾದಷ್ಟೂ ಮಾರಿದ ಭಾಗವನ್ನು ಮಾರಿದವನ ಪಾಲಿಗೇ ಹಾಕುವುದು ಕೋರ್ಟಿನ ರೂಢಿ. ಇಲ್ಲಿ ದೊಡ್ಡಪ್ಪನಿಗೆ ಇನ್ನೂ 50 ಗುಂಟೆ ತರಿ ಉಳಿಯುವುದರಿಂದ ಆ 20 ಗುಂಟೆ ಅದರೊಳಗೇ ಹೊಂದುತ್ತದೆ. ನಿವೇಶನ ಇದೇ ದಾವೆಯಲ್ಲಿ ಬೇರೆ ಷೆಡ್ಯೂಲಾಗಿ ಸೇರಿ ಅರ್ಧರ್ಧ ಪಾಲಾಗುತ್ತದೆ. ಮೋಸದ ಆಪಾದನೆಗೆ ವಿವರವೂ ಆಧಾರವೂ ಇಲ್ಲದಿದ್ದರೆ ಅದನ್ನು ದಾವೆಗೆ ಸೇರಿಸಬೇಕಾಗಿಯೇ ಇಲ್ಲ. ಅದಿಲ್ಲದೆಯೂ ಹುಡುಗನಿಗೆ ಬರಬೇಕಾದ್ದು ಬರುತ್ತದೆ. ಸೇರಿಸಿ ಸೋತರೆ ಮಾತ್ರ ಉಳಿದ ಎರಡು ಗಟ್ಟಿ ತಕರಾರುಗಳ ಮೇಲಿನ ನಂಬಿಕೆಯೂ ಸಡಿಲವಾಗುತ್ತದೆ.