ಮೂವತ್ತು ಲಕ್ಷ ಎಲ್ಲಿಂದ ಬಂತು?

ಹಾಸನದ ಸೈಟು ಮಾರಿದ ಹಣ ಖಾತೆಗೆ ಬಿದ್ದ ರಾತ್ರಿ ಈ ಅಂಕಣಕಾರ ನೆಮ್ಮದಿಯಾಗಿ ಮಲಗಿದ. ಮಗಳು ಕೆನಡಾದ ಒಂಟಾರಿಯೊದಲ್ಲಿ ಸಪ್ಲೈ ಚೈನ್ ಓದಲು ಹೊರಟಿದ್ದಳು. ಪ್ರವೇಶಪತ್ರ ಕೈಯಲ್ಲಿತ್ತು, ಹಣವೂ ಬಂತು. ಇನ್ನೇನು ಬೇಕು? "ಬ್ಯಾಲೆನ್ಸ್ ಇದ್ರೆ ಸಾಕು ಸಾರ್, ಉಳಿದದ್ದು ನಾವು ನೋಡ್ಕೋತೀವಿ" ಎಂದಿದ್ದರು ಏಜೆಂಟ್. ಎರಡು ತಿಂಗಳಿಗೆ ಅರ್ಜಿ ತಿರಸ್ಕೃತವಾಯಿತು.

ಲೆಕ್ಕವೇನೂ ತಪ್ಪಿರಲಿಲ್ಲ. 2025ರ ಸೆಪ್ಟೆಂಬರ್ 1ರಿಂದ ಕ್ವಿಬೆಕ್ ಬಿಟ್ಟು ಉಳಿದ ಕೆನಡಾಕ್ಕೆ ಒಬ್ಬರೇ ಹೋಗುವ ವಿದ್ಯಾರ್ಥಿ ಒಂದು ವರ್ಷದ ಜೀವನವೆಚ್ಚಕ್ಕೆ 22,895 ಕೆನಡಿಯನ್ ಡಾಲರ್ ತೋರಿಸಬೇಕು. ಅದಕ್ಕೂ ಮುಂಚೆ 20,635 ಸಾಕಿತ್ತು. ಇದರ ಮೇಲೆ ಮೊದಲ ವರ್ಷದ ಶುಲ್ಕ, ಪ್ರಯಾಣದ ಖರ್ಚು ಬೇರೆ. ಡಾಲರಿಗೆ 63 ರೂಪಾಯಿ ಹಿಡಿದರೆ ಜೀವನವೆಚ್ಚ ಸುಮಾರು 14.4 ಲಕ್ಷ. ಶುಲ್ಕ 21,000 ಡಾಲರ್, ಅಂದರೆ 13.2 ಲಕ್ಷ. ವಿಮಾನದ ಟಿಕೆಟ್ಟು ಸೇರಿ 29 ಲಕ್ಷದ ಹತ್ತಿರ. ಖಾತೆಯಲ್ಲಿ 30 ಲಕ್ಷ ಇತ್ತು.

ತಿರಸ್ಕಾರದ ಪತ್ರದ ಜೊತೆ ಅಧಿಕಾರಿಯ ಟಿಪ್ಪಣಿಯೂ ಬಂದಿತ್ತು. ಅದನ್ನು ಓದಿದ ಮೇಲೆ ಅಂಕಣಕಾರ ತನ್ನದೇ ಬ್ಯಾಂಕ್ ಸ್ಟೇಟ್‌ಮೆಂಟನ್ನು ಅಪರಿಚಿತನ ಕಣ್ಣಿನಿಂದ ನೋಡಿದ. ಕೇಳುವುದು ನಾಲ್ಕು ತಿಂಗಳ ಸ್ಟೇಟ್‌ಮೆಂಟ್. ಮೊದಲ ಮೂರು ತಿಂಗಳು ಸಂಬಳ, ಗ್ಯಾಸು, ಕರೆಂಟು, ಎಲ್‌ಐಸಿ ಕಂತು. ಬ್ಯಾಲೆನ್ಸ್ ಎರಡು ಲಕ್ಷ ದಾಟಿದ್ದೇ ಇಲ್ಲ. ನಾಲ್ಕನೆಯ ತಿಂಗಳ ಹನ್ನೆರಡರಂದು ಒಂದೇ ಸಾಲಿನಲ್ಲಿ 28 ಲಕ್ಷ. ಕೊಟ್ಟವರು ಯಾರು, ಯಾಕೆ ಕೊಟ್ಟರು ಎಂಬುದಕ್ಕೆ ಅರ್ಜಿಯಲ್ಲಿ ಒಂದು ಚೀಟಿಯೂ ಇರಲಿಲ್ಲ. ತೋರಿಸುವುದಕ್ಕೆಂದು ನೆಂಟರಿಂದ ಎರಡು ವಾರಕ್ಕೆ ಕೈಗಡ ತಂದ ಹಣವೂ ಕಾಗದದ ಮೇಲೆ ಹೀಗೇ ಕಾಣುತ್ತದೆ.

ಎರಡನೆಯ ಸಲ ಆ ಒಂದು ಸಾಲಿಗೇ ಒಂದು ಕಡತ ಸಿದ್ಧವಾಯಿತು. ನೋಂದಾಯಿತ ಕ್ರಯಪತ್ರ, ಕೊಂಡವರ ಖಾತೆಯಿಂದ ಆರ್‌ಟಿಜಿಎಸ್ ಆದ ದಾಖಲೆ, ಅಪ್ಪನ ಆದಾಯ ತೆರಿಗೆ ರಿಟರ್ನ್ಸು, ಮಗಳ ಖರ್ಚು ತನ್ನದೆಂದು ಬರೆದ ಅಫಿಡವಿಟ್. ಕ್ರಯಪತ್ರ ಕನ್ನಡದಲ್ಲಿತ್ತು. ಕನ್ನಡ ಬರೆದೇ ಹೊಟ್ಟೆ ಹೊರೆಯುವ ಅಂಕಣಕಾರ "ಅನುವಾದ ನಾನೇ ಮಾಡ್ತೀನಿ ಬಿಡು" ಎಂದು ಕೂತ. "ಮನೆಯವರು ಮಾಡೋ ಹಾಗಿಲ್ಲವಂತೆ ಅಪ್ಪ" ಎಂದು ಮಗಳು ನಿಯಮ ತೋರಿಸಿದಳು. ದುಡ್ಡು ಕೊಟ್ಟು ಬೇರೆಯವರಿಂದ ಪ್ರಮಾಣಪತ್ರ ಸಮೇತ ಮಾಡಿಸಬೇಕಾಯಿತು.

ಇಲ್ಲಿ ಒಂದು ಮಾತು. ಕ್ರಯಪತ್ರದಲ್ಲಿ ಸರ್ಕಾರಿ ಮಾರ್ಗಸೂಚಿ ಬೆಲೆ ಬರೆಸಿ, ಉಳಿದದ್ದನ್ನು ನಗದಾಗಿ ಕೈಗೆ ಹಾಕುವ ಚಾಳಿ ನಮ್ಮಲ್ಲಿ ಎಲ್ಲರಿಗೂ ಗೊತ್ತು. ಅಂಥವರು ವೀಸಾ ಅರ್ಜಿಯಲ್ಲಿ ಸಿಕ್ಕಿಬೀಳುತ್ತಾರೆ. ಪತ್ರ ಹದಿನೆಂಟು ಲಕ್ಷ ಎನ್ನುತ್ತದೆ, ಖಾತೆ ಮೂವತ್ತು ಎನ್ನುತ್ತದೆ. ನಡುವಿನ ಹನ್ನೆರಡಕ್ಕೆ ಯಾವ ಕಡತವೂ ಹುಟ್ಟುವುದಿಲ್ಲ.

ಓದಿನ ಯೋಜನೆಯ ಕಥೆ ಇನ್ನೂ ಕೆಟ್ಟದಾಗಿತ್ತು. ಏಜೆಂಟರು ಬರೆದುಕೊಟ್ಟ ಎರಡು ಪುಟದಲ್ಲಿ ಕೆನಡಾದ ವಿಶ್ವದರ್ಜೆಯ ಶಿಕ್ಷಣ, ಬಹುಸಂಸ್ಕೃತಿ, ಸುಂದರ ಪರಿಸರ ಎಲ್ಲ ಇತ್ತು, ಹುಡುಗಿ ಮಾತ್ರ ಇರಲಿಲ್ಲ. ಅವಳು ಬಿ.ಕಾಂ. ಮುಗಿಸಿ ಎರಡು ವರ್ಷ ಕಾಫಿ ಕ್ಯೂರಿಂಗ್ ವರ್ಕ್ಸ್ ಒಂದರಲ್ಲಿ ಸ್ಟಾಕ್ ಲೆಕ್ಕ ನೋಡಿಕೊಂಡಿದ್ದಳು. ಆ ವಿಷಯ ಯೋಜನೆಯಲ್ಲಿ ಒಂದೇ ವಾಕ್ಯ, ಅದೂ ಕೊನೆಗೆ.

ಈ ಸಲ ಅವಳೇ ಕೂತು ಬರೆದಳು. ಬೆಳೆಗಾರರಿಂದ ಬಂದ ಪಾರ್ಚ್‌ಮೆಂಟ್ ಕಾಫಿಯ ಲಾಟು ತೇವಾಂಶದ ಗೊಂದಲದಿಂದ ಗೋದಾಮಿನಲ್ಲೇ ನಿಂತು, ಮಂಗಳೂರು ಬಂದರಿನಲ್ಲಿ ಹಡಗು ತಪ್ಪಿದ ಒಂದು ವಾರದಿಂದ ಶುರುಮಾಡಿದಳು. ತನಗೆ ಲೆಕ್ಕ ಗೊತ್ತು, ದಾಸ್ತಾನಿನ ಮುಂದಾಲೋಚನೆ ಗೊತ್ತಿಲ್ಲ ಎಂದಳು. ಅದನ್ನು ಕಲಿಸುವ ಎರಡು ವಿಷಯಗಳನ್ನು ಕಾಲೇಜಿನ ಪಠ್ಯದಿಂದ ಹೆಸರಿಸಿದಳು. ಮೈಸೂರಿನಲ್ಲೇ ಎಂಬಿಎ ಯಾಕಲ್ಲ ಎಂಬುದಕ್ಕೆ ಎರಡರ ಖರ್ಚನ್ನೂ ಅವಧಿಯನ್ನೂ ಎದುರುಬದುರು ಇಟ್ಟು ಉತ್ತರ ಕೊಟ್ಟಳು. ಮೈಸೂರು ಅಗ್ಗ ಎಂಬುದನ್ನು ಮುಚ್ಚಿಡಲಿಲ್ಲ. ವಾಪಸ್ ಬಂದ ಮೇಲೆ ಯಾವ ಹುದ್ದೆ ಹುಡುಕುತ್ತೇನೆ, ಅದರ ಸಂಬಳ ಎಷ್ಟು ಎಂಬುದೂ ಇತ್ತು. ಮೂವತ್ತು ಲಕ್ಷ ಹಾಕುವವಳು ಈ ಲೆಕ್ಕ ಮಾಡಿರಲೇಬೇಕಲ್ಲ? ಅವಧಿ ಮುಗಿದಾಗ ಹೊರಡುತ್ತಾಳೆಯೇ ಎಂದು ಅಧಿಕಾರಿ ತೂಗುವುದು ಇಂಥ ವಿವರಗಳಿಂದ, "ತಾಯ್ನಾಡಿನ ಮೇಲೆ ನನಗೆ ಅಪಾರ ಪ್ರೀತಿ" ಎಂಬ ಸಾಲಿನಿಂದಲ್ಲ.

ಪರ್ಮಿಟ್ ಬಂತು. ಮೊದಲ ಅರ್ಜಿಗೆ ಕಟ್ಟಿದ್ದ 150 ಡಾಲರ್ ವಾಪಸ್ ಬರಲಿಲ್ಲ, ಎರಡನೆಯದಕ್ಕೆ ಮತ್ತೆ 150 ಕಟ್ಟಬೇಕಾಯಿತು. ಬಯೊಮೆಟ್ರಿಕ್ಸ್‌ಗೆ ಹತ್ತು ವರ್ಷ ಮಾನ್ಯತೆ ಇರುವುದರಿಂದ ಅದರ 85 ಡಾಲರ್ ಮಾತ್ರ ಉಳಿಯಿತು. ಸೈಟು ಮಾರಿ ಮಕ್ಕಳನ್ನು ಕಳಿಸುವವರು ದಯವಿಟ್ಟು ಅರ್ಜಿಗೆ ಐದಾರು ತಿಂಗಳ ಮುಂಚೆಯೇ ಮಾರಿ, ಪೂರ್ತಿ ಹಣವನ್ನು ಬ್ಯಾಂಕಿನ ಮೂಲಕವೇ ಪಡೆಯಿರಿ.