ತಿದ್ದುಪಡಿ ಗೆದ್ದಿತು, ಗೊತ್ತುವಳಿ ಏನಾಯಿತು?

ಸಂಘದ ಜಗಳ ಹೊತ್ತು ವಕೀಲರ ಬಳಿ ಬರುವವರ ಕೈಯಲ್ಲಿ ಸಾಮಾನ್ಯವಾಗಿ ಸಭೆಯ ನಡಾವಳಿಯ ಒಂದು ಹಾಳೆ ಇರುತ್ತದೆ. ಅದನ್ನು ಓದಿದರೆ ಯಾರು ಎಷ್ಟು ಮಾತಾಡಿದರೆಂದು ತಿಳಿಯುತ್ತದೆ, ಸಭೆ ಏನು ತೀರ್ಮಾನಿಸಿತೆಂದು ತಿಳಿಯುವುದಿಲ್ಲ. ಡಾಲಸ್‌ನ ಮಲ್ಲಿಗೆ ಕನ್ನಡ ಸಂಘ, ಹ್ಯೂಸ್ಟನ್ ಕನ್ನಡ ವೃಂದ, ಆಸ್ಟಿನ್ ಕನ್ನಡ ಸಂಘ ಎಂದು ನಮ್ಮವರು ಕಟ್ಟಿಕೊಂಡ ಸಂಘಗಳಿವೆ. ಜೊತೆಗೆ ಮನೆ ಕೊಂಡ ಹಲವರಿಗೆ ಬಡಾವಣೆಯ ಎಚ್‌ಒಎ ಇದೆ. ಕೆಳಗಿನದು ಇವುಗಳಲ್ಲಿ ಯಾವುದರ ಕಥೆಯೂ ಅಲ್ಲ, ವಿಷಯ ಬಿಡಿಸಲು ಕಟ್ಟಿಕೊಂಡ ಉದಾಹರಣೆ.

ಕಟ್ಟಡ ನಿಧಿಯಿಂದ 40,000 ಡಾಲರ್ ತೆಗೆದು ಸಭಾಂಗಣಕ್ಕೆ ಮುಂಗಡ ಕೊಡೋಣವೆಂದು ಒಬ್ಬರು ಗೊತ್ತುವಳಿ ಮಂಡಿಸಿದರು. ಅದನ್ನು 25,000ಕ್ಕೆ ಇಳಿಸಬೇಕೆಂಬ ತಿದ್ದುಪಡಿ ಬಂದು ಗೆದ್ದಿತು. ಇನ್ನೊಂದು ಕಡೆಯಿಂದಲೂ ದರಪಟ್ಟಿ ತರಿಸಬೇಕೆಂಬ ಎರಡನೇ ತಿದ್ದುಪಡಿ ಬಿದ್ದುಹೋಯಿತು. ಕಾರ್ಯದರ್ಶಿ ಬರೆದದ್ದು ಹೀಗೆ: ‘40,000 ಡಾಲರ್ ಗೊತ್ತುವಳಿ ಮಂಡಿಸಲಾಯಿತು, 25,000 ಸಾಕೆಂಬ ಸಲಹೆ ಬಂತು, ದೀರ್ಘ ಚರ್ಚೆಯ ನಂತರ ಅಂಗೀಕರಿಸಲಾಯಿತು.’ ಅಂಗೀಕಾರವಾದದ್ದು ಯಾವುದು? ಖಜಾಂಚಿ 40,000ಕ್ಕೆ ಚೆಕ್ ಬರೆದರೆ ಈ ಹಾಳೆ ಅವರನ್ನು ತಡೆಯುವುದಿಲ್ಲ. ತಡೆಯಲು ಹೊರಟ ಸದಸ್ಯರ ನೆರವಿಗೂ ಬರುವುದಿಲ್ಲ.

ಇದಕ್ಕಿಂತ ದುಬಾರಿಯಾದ ತಪ್ಪು ಇನ್ನೊಂದಿದೆ. ತಿದ್ದುಪಡಿ ಗೆದ್ದ ಕೂಡಲೇ ಚಪ್ಪಾಳೆ ಬೀಳುತ್ತದೆ, ಅಧ್ಯಕ್ಷರು ಮುಂದಿನ ವಿಷಯಕ್ಕೆ ಹೋಗುತ್ತಾರೆ. ತಿದ್ದುಪಡಿಯ ಮತದಿಂದ ಗೊತ್ತುವಳಿಯ ಪಠ್ಯವಷ್ಟೇ ಬದಲಾಗಿದೆ. ಹಾಗೆ ತಿದ್ದಿದ ಗೊತ್ತುವಳಿಯನ್ನು ಮತ್ತೆ ಮತಕ್ಕೆ ಹಾಕದಿದ್ದರೆ ಹಣ ಕೊಡುವ ತೀರ್ಮಾನವೇ ಆಗಿಲ್ಲ. ಆದ್ದರಿಂದ ನಡಾವಳಿಯಲ್ಲಿ ನೀವು ಹುಡುಕಬೇಕಾದದ್ದು ಆ ಕೊನೆಯ ಮತ. ಅದು ನಡೆದಿದ್ದರೆ ಒಂದೇ ವಾಕ್ಯ ಸಾಕು: ‘ಕಟ್ಟಡ ನಿಧಿಯಿಂದ 25,000 ಡಾಲರ್ ಮುಂಗಡ ಕೊಡುವ ಗೊತ್ತುವಳಿ, ಚರ್ಚೆ ಮತ್ತು ತಿದ್ದುಪಡಿಯ ನಂತರ, 38–21 ಮತಗಳಿಂದ ಅಂಗೀಕಾರವಾಯಿತು.’ ಮಂಡಿಸಿದವರ ಹೆಸರು ಇರಲಿ. 40,000ದ ಮಾತೇ ಬೇಡ. ಬಿದ್ದುಹೋದ ತಿದ್ದುಪಡಿಯನ್ನೂ ಸಾಮಾನ್ಯವಾಗಿ ಬರೆಯುವುದಿಲ್ಲ. ಇದು ರಾಬರ್ಟ್ಸ್ ರೂಲ್ಸ್ ಎಂಬ ಸಭಾ ನಿಯಮಾವಳಿಯ ಪದ್ಧತಿ. ಆದರೆ ನಿಮ್ಮ ಬೈಲಾ ಅದನ್ನು ಒಪ್ಪಿಕೊಂಡಿದ್ದರೆ ಮಾತ್ರ ಅದು ನಿಮ್ಮನ್ನು ಕಟ್ಟುತ್ತದೆ, ಒಪ್ಪಿದ್ದರೂ ಬೈಲಾದ ಮಾತೇ ಮೇಲು.

ಸೋತ ಗೊತ್ತುವಳಿಯನ್ನು ಮಾತ್ರ ಬರೆಯಲೇಬೇಕು. ಸೋತದ್ದನ್ನು ಮರೆಮಾಚುವ ಪದಾಧಿಕಾರಿಗಳು ಮುಂದೆ ಅದನ್ನೇ ತಿರುಚುತ್ತಾರೆ. ‘ಹಳೆಯ ಅಡುಗೆಯವರಿಗೆ ಗುತ್ತಿಗೆ ಕೊಡಬಾರದು’ ಎಂಬ ಗೊತ್ತುವಳಿ ಬಿದ್ದಿತೆಂದ ಮಾತ್ರಕ್ಕೆ ‘ಕೊಡಬೇಕು’ ಎಂದು ಸಭೆ ಹೇಳಿದಂತಲ್ಲ. ಮತ ಸಮಸಮವಾದರೂ ಗೊತ್ತುವಳಿ ಬಿದ್ದಂತೆಯೇ.

ಹಿಂಪಡೆದದ್ದರ ಲೆಕ್ಕ ಬೇರೆ. ಅಧ್ಯಕ್ಷರು ಗೊತ್ತುವಳಿಯನ್ನು ಓದಿ ಸಭೆಯ ಮುಂದಿಡುವವರೆಗೆ ಮಂಡಿಸಿದವರು ತಾವಾಗಿಯೇ ಹಿಂಪಡೆಯಬಹುದು. ಆಮೇಲೆ ಅದು ಸಭೆಯ ಸೊತ್ತು, ಹಿಂಪಡೆಯಲು ಸಭೆಯ ಒಪ್ಪಿಗೆ ಬೇಕು. ಹಿಂಪಡೆದದ್ದನ್ನು ಸಾಮಾನ್ಯವಾಗಿ ನಡಾವಳಿಗೆ ಸೇರಿಸುವುದಿಲ್ಲ. ಆದರೆ ಹಿಂದಿನ ಸಭೆಯಿಂದ ಮುಂದೂಡಿ ಬಂದ ಗೊತ್ತುವಳಿಯಾದರೆ ಹಿಂಪಡೆದ ಸಂಗತಿ ಬರೆಯಬೇಕು, ಇಲ್ಲದಿದ್ದರೆ ಹಳೆಯ ಕಡತದಲ್ಲಿ ಅದು ಇನ್ನೂ ಬಾಕಿಯೆಂದೇ ಕಾಣುತ್ತದೆ. ‘ಸೋತಿತು’ ಎಂದಂತೂ ಬರೆಯಬೇಡಿ, ಏಕೆಂದರೆ ಹಿಂಪಡೆದದ್ದನ್ನು ಅದೇ ಸಭೆಯಲ್ಲಿ ಮತ್ತೆ ತರಬಹುದು, ಸೋತದ್ದನ್ನು ಸಾಮಾನ್ಯವಾಗಿ ಹಾಗೆ ತರಲಾಗದು.

ಹಾಳೆ ಕೇಳಿದರೆ ‘ಇನ್ನೂ ಟೈಪ್ ಆಗಿಲ್ಲ’ ಎನ್ನುವವರಿಗೆ ಕೊರತೆಯಿಲ್ಲ. ಬಾಯಲ್ಲಿ ಕೇಳಬೇಡಿ. ಲಾಭರಹಿತ ನಿಗಮವಾಗಿ ನೋಂದಾಯಿಸಿದ ಸಂಘವಾದರೆ, ಟೆಕ್ಸಸ್ ಬಿಸಿನೆಸ್ ಆರ್ಗನೈಸೇಷನ್ಸ್ ಕೋಡ್ 22.351ರ ಪ್ರಕಾರ, ಸದಸ್ಯರು ಸರಿಯಾದ ಉದ್ದೇಶವನ್ನು ಲಿಖಿತವಾಗಿ ತಿಳಿಸಿ ಅದಕ್ಕೆ ಸಂಬಂಧಿಸಿದ ದಾಖಲೆ ನೋಡಬಹುದು, ಸ್ವಂತ ಖರ್ಚಿನಲ್ಲಿ ಪ್ರತಿ ಮಾಡಿಕೊಳ್ಳಬಹುದು. ಉದ್ದೇಶ ಬರೆಯದ ಪತ್ರವನ್ನು ಬದಿಗಿಡುವುದು ಅವರಿಗೆ ಸುಲಭ.

ಎಚ್‌ಒಎ ಆದರೆ ಪ್ರಾಪರ್ಟಿ ಕೋಡ್ 209.005. ಅರ್ಜಿ ಸರ್ಟಿಫೈಡ್ ಅಂಚೆಯಲ್ಲೇ ಹೋಗಬೇಕು, ಯಾವ ಸಭೆಯ ನಡಾವಳಿ ಬೇಕೆಂಬುದು ಸ್ಪಷ್ಟವಿರಬೇಕು. ಇಮೇಲ್ ಕಳಿಸಿ ಕಾಯುತ್ತ ಕೂತವರು ಗಡುವನ್ನು ಲೆಕ್ಕ ಹಾಕಲಾರರು. ಕೆಲಸದ 10 ದಿನಗಳೊಳಗೆ ದಾಖಲೆ ಬರಬೇಕು, ಆಗದಿದ್ದರೆ ಯಾವಾಗ ಕೊಡುತ್ತೇವೆಂದು ಬರಹದಲ್ಲಿ ತಿಳಿಸಬೇಕು. ನಿರ್ವಹಣಾ ಕಂಪನಿಗಳು ಪ್ರತಿಗೆ ಹಣ ಕೇಳುವುದುಂಟು. ದಾಖಲೆ ಶುಲ್ಕದ ನೀತಿಯನ್ನು ಸಂಘ ಮೊದಲೇ ಅಂಗೀಕರಿಸಿ ಕೌಂಟಿಯಲ್ಲಿ ದಾಖಲಿಸಿರದಿದ್ದರೆ ಅದನ್ನು ಕೇಳುವ ಹಕ್ಕಿಲ್ಲ, ಆ ನೀತಿಯ ಪ್ರತಿ ತೋರಿಸಿ ಎನ್ನಿ. ಕೊಡದಿದ್ದರೆ ಜಸ್ಟಿಸ್ ಕೋರ್ಟಿಗೆ ಅರ್ಜಿ ಹಾಕಬಹುದು. ಆದರೆ ಕಾಂಡೋ ಮನೆಗಳಿಗೆ ಈ ಅಧ್ಯಾಯ ಅನ್ವಯಿಸದು, ಅದಕ್ಕೆ ಬೇರೆ ಅಧ್ಯಾಯವಿದೆ.

ನಡಾವಳಿ ತಪ್ಪಾಗಿದ್ದರೆ ಮುಂದಿನ ಸಭೆಯಲ್ಲಿ ಅದನ್ನು ಒಪ್ಪುವ ಮುನ್ನವೇ ಎದ್ದು ನಿಂತು ತಿದ್ದುಪಡಿಯ ವಾಕ್ಯವನ್ನು ಓದಿ ಹೇಳಿ, ಬರೆದುಕೊಟ್ಟರೆ ಇನ್ನೂ ಒಳ್ಳೆಯದು. ‘ಒಪ್ಪಿಯಾಗಿದೆ, ಮುಗಿಯಿತು’ ಎಂದು ಹೆದರಿಸಿದರೆ ನಂಬಬೇಡಿ. ಒಪ್ಪಿದ ನಡಾವಳಿಯನ್ನೂ ಮುಂದಿನ ಸಭೆಯಲ್ಲಿ ಗೊತ್ತುವಳಿ ತಂದು ಸರಿಪಡಿಸಬಹುದು. ಹಳೆಯ ಪುಟ ಕಿತ್ತು ಹೊಸದು ಅಂಟಿಸಲು ಮಾತ್ರ ಬಿಡಬೇಡಿ, ತಿದ್ದಿದ ಸಂಗತಿ ತಿದ್ದಿದ ದಿನದ ನಡಾವಳಿಯಲ್ಲೇ ಬರಬೇಕು.