ಖಾಲಿ ಡಬ್ಬಿಗೆ ಕೈ ಹಾಕುವುದು ಏಕೆ ನಿಲ್ಲುವುದಿಲ್ಲ? – ವರ್ತನಾ ವ್ಯಸನದ ಒಂದು ಪಾಠ

ಈ ಸಲದ ಬೋಧನಾಭ್ಯಾಸದಲ್ಲಿ ನಮ್ಮ ಪ್ರಶಿಕ್ಷಣಾರ್ಥಿಯೊಬ್ಬರು ಮೊಬೈಲ್ ಆಟ ಮತ್ತು ಜೂಜಿನ ವ್ಯಸನ ಕುರಿತ ಪಾಠವನ್ನು ಒಂಬತ್ತನೇ ತರಗತಿಗೆ ಎರಡು ಬಾರಿ ಮಾಡಿದರು. ಮೊದಲ ಸಲ ಪಾಠಯೋಜನೆ ಅಚ್ಚುಕಟ್ಟಾಗಿತ್ತು. ದುಷ್ಪರಿಣಾಮಗಳ ಚಾರ್ಟು ಇತ್ತು, ಕೊನೆಗೊಂದು ಘೋಷಣೆಯೂ ಇತ್ತು. ಮೌಲ್ಯಮಾಪನದ ಹೊತ್ತಿಗೆ ಒಬ್ಬ ಹುಡುಗ ಎದ್ದು, "ಸರ್, ನಮ್ ಮಾವಂಗೆ ಇದೆಲ್ಲ ಗೊತ್ತು. ರಮ್ಮಿಯಲ್ಲಿ ದುಡ್ಡು ಹೋಗುತ್ತೆ ಅಂತ ಅವರೇ ಹೇಳ್ತಾರೆ. ಆದ್ರೂ ಯಾಕೆ ಬಿಡಲ್ಲ?" ಎಂದು ಕೇಳಿದ. "ಮನಸ್ಸು ಗಟ್ಟಿ ಮಾಡ್ಕೋಬೇಕಪ್ಪ" ಎಂದು ಇವರು ಅವನನ್ನು ಕೂರಿಸಿದರು. ಆ ಹುಡುಗನ ಪ್ರಶ್ನೆಗೆ ಉತ್ತರ ನಾವು ಓದುವ ಪುನರ್ಬಲನದ ಅಧ್ಯಾಯದಲ್ಲೇ ಇದೆ, ಅದನ್ನು ತರಗತಿಗೆ ತನ್ನಿ ಎಂದು ನಾನು ವೀಕ್ಷಣಾ ಪುಸ್ತಕದಲ್ಲಿ ಬರೆದೆ. ಎರಡನೆಯ ಪಾಠ ಹುಟ್ಟಿದ್ದು ಹಾಗೆ.

ಅದಕ್ಕೆ ಬೇಕಾದದ್ದು ಒಳಗೆ ಕಾಣದ ಮೂರು ಡಬ್ಬಿ, ಒಂದು ಹಿಡಿ ಹುಣಸೆ ಬೀಜ, ಸ್ವಲ್ಪ ಕೆಂಪು ಬಣ್ಣ, ಅಷ್ಟೆ. ಮೊದಲ ಡಬ್ಬಿಯಲ್ಲಿ ಹತ್ತಕ್ಕೆ ಹತ್ತೂ ಕೆಂಪು ಬೀಜ. ಎರಡನೆಯದರಲ್ಲಿ ಎರಡು ಕೆಂಪು, ಎಂಟು ಬಣ್ಣವಿಲ್ಲದವು. ಒಬ್ಬೊಬ್ಬ ವಿದ್ಯಾರ್ಥಿ ಒಂದೊಂದು ಡಬ್ಬಿಯ ಮುಂದೆ ನಿಂತು, ನೋಡದೆ ಒಂದು ಬೀಜ ತೆಗೆದು, ತೋರಿಸಿ, ಮತ್ತೆ ಒಳಗೆ ಹಾಕಿ ಕುಲುಕಬೇಕು. ಕೆಂಪು ಬಂದರೆ ಒಂದು ಚೀಟಿ ಸಿಗುತ್ತದೆ. ಸಾಕೆನಿಸಿದಾಗ ಹೋಗಿ ಕೂರಬಹುದು. ಇಪ್ಪತ್ತು ಸಲ ಆದ ಮೇಲೆ ಶಿಕ್ಷಕರು ಸದ್ದಿಲ್ಲದೆ ಡಬ್ಬಿ ಬದಲಿಸುತ್ತಾರೆ. ಮೂರನೆಯ ಡಬ್ಬಿಯಲ್ಲಿ ಕೆಂಪೇ ಇಲ್ಲ. ಅದಾದ ಮೇಲೆ ಎಷ್ಟು ಸಲ ಕೈ ಹಾಕುತ್ತಾರೆ ಎಂಬುದನ್ನು ಮಾತ್ರ ಎಣಿಸಬೇಕು.

ಮೊದಲ ಡಬ್ಬಿಯ ಹುಡುಗಿ ಮೂರು ಸಲ ತೆಗೆದು, "ಸರ್, ಕೆಂಪು ತೆಗ್ದುಬಿಟ್ರಾ?" ಎಂದು ಕೇಳಿ ಕುಳಿತಳು. ಎರಡನೆಯ ಡಬ್ಬಿಯ ಹುಡುಗ ಹದಿನಾಲ್ಕು ಸಲ ಖಾಲಿ ಕೈ ಆದರೂ ನಿಲ್ಲಿಸಿರಲಿಲ್ಲ; ಶಿಕ್ಷಕರೇ ನಿಲ್ಲಿಸಬೇಕಾಯಿತು. ಒಂದು ತರಗತಿಯ ಇಬ್ಬರಿಂದ ಏನೂ ಸಿದ್ಧವಾಗುವುದಿಲ್ಲ, ಬೇರೆ ಮಕ್ಕಳಾಗಿದ್ದರೆ ಅಂಕಿಗಳೂ ಬೇರೆ ಇರುತ್ತಿದ್ದವು. ಆದರೆ ಆಗಾಗ ಮಾತ್ರ ಬಹುಮಾನ ಸಿಕ್ಕಿ ಕಲಿತ ವರ್ತನೆ, ಪ್ರತಿ ಸಲವೂ ಸಿಕ್ಕಿ ಕಲಿತದ್ದಕ್ಕಿಂತ ನಿಧಾನವಾಗಿ ನಂದುತ್ತದೆ ಎಂಬುದು ಪ್ರಯೋಗಾಲಯಗಳಲ್ಲಿ ಮತ್ತೆ ಮತ್ತೆ ಕಂಡ ಸಂಗತಿ. ಫರ್ಸ್ಟರ್ ಮತ್ತು ಸ್ಕಿನ್ನರ್ 1957ರ ತಮ್ಮ ಗ್ರಂಥದಲ್ಲಿ ಪಾರಿವಾಳಗಳ ಮೇಲೆ ಇಂಥ ಅನುಸೂಚಿಗಳನ್ನು ವಿವರವಾಗಿ ದಾಖಲಿಸಿದ್ದಾರೆ. ಎಷ್ಟನೆಯ ಪ್ರಯತ್ನಕ್ಕೆ ಫಲ ಎಂದು ಊಹಿಸಲಾಗದ ಈ ಬಗೆಯನ್ನು ನಾವು ಬದಲಾಗುವ ಅನುಪಾತದ ಪುನರ್ಬಲನ ಎನ್ನುತ್ತೇವೆ. ಪರೀಕ್ಷೆಗೆ ಉದಾಹರಣೆಯಾಗಿ 'ಜೂಜು' ಎಂದು ಬರೆದು ಮುಂದೆ ಹೋಗುತ್ತೇವೆ. ಅಲ್ಲಿ ನಿಲ್ಲಬೇಕಿತ್ತು.

ಏಕೆ ಹೀಗೆ ಎಂಬುದನ್ನು ಹಲಗೆಯ ಮೇಲೆ ಲೆಕ್ಕ ಮಾಡಿ ತೋರಿಸಬಹುದು. ಎರಡನೆಯ ಡಬ್ಬಿಯಲ್ಲಿ ಒಂದು ಸಲ ಖಾಲಿ ಬರುವ ಸಂಭವ 0.8. ಸತತ ಹತ್ತು ಸಲ ಖಾಲಿ ಬರುವ ಸಂಭವ ಬೇಕಾದರೆ 0.8ನ್ನು ಹತ್ತು ಸಲ ಗುಣಿಸಬೇಕು, ಸುಮಾರು 0.107 ಬರುತ್ತದೆ. ಅಂದರೆ ಕೆಂಪು ಬೀಜ ಒಳಗೇ ಇದ್ದಾಗಲೂ ಹತ್ತರ ಸರಣಿಗಳಲ್ಲಿ ಹತ್ತಕ್ಕೊಂದು ಪೂರ್ತಿ ಖಾಲಿ. ಹಾಗಾಗಿ ಹತ್ತು ಸೋಲು ಕಂಡ ಹುಡುಗನಿಗೆ ಡಬ್ಬಿ ಬದಲಾಗಿದೆಯೋ, ತನ್ನ ಅದೃಷ್ಟ ಕೆಟ್ಟಿದೆಯೋ ಎಂದು ತಿಳಿಯುವ ದಾರಿಯಿಲ್ಲ. ಮೊದಲ ಡಬ್ಬಿಯವಳಿಗೆ ಒಂದು ಸೋಲೇ ಸುದ್ದಿ. ಇವನಿಗೆ ಸೋಲು ಹೊಸತೇ ಅಲ್ಲ. ಇನ್ನೂ ಒಂದು ಮಾತಿದೆ: ಹಿಂದಿನ ಪ್ರತಿ ಗೆಲುವೂ ಒಂದಷ್ಟು ಸೋಲಿನ ನಂತರವೇ ಬಂದಿತ್ತು, ಆದ್ದರಿಂದ 'ಸೋತಾಗ ಮುಂದುವರಿ' ಎಂಬುದೇ ಅವನು ಕಲಿತ ಪಾಠ. ಮಾವನಿಗೆ ತಿಳಿವಳಿಕೆ ಇಲ್ಲದ್ದಲ್ಲ. ಆ ಕೈ ಇನ್ನೊಂದು ಪಾಠವನ್ನು ಸಾವಿರ ಸಲ ಕಲಿತಿದೆ.

ಇದೇ ಡಬ್ಬಿಗೆ ಬೆಲೆ ಸೇರಿಸಿ ನೋಡಿದರು. ಒಂದು ಸಲ ಕೈ ಹಾಕಲು ಒಂದು ಚೀಟಿ ಕೊಡಬೇಕು, ಕೆಂಪು ಬಂದರೆ ನಾಲ್ಕು ವಾಪಸು. ಹತ್ತು ಸಲಕ್ಕೆ ಹತ್ತು ಚೀಟಿ ಹೋಗಿ, ಸರಾಸರಿ ಎಂಟು ಬರುತ್ತದೆ. ಆದರೂ ಇಪ್ಪತ್ತು ಸಲ ಆಡಿದ ಹತ್ತು ಗುಂಪುಗಳಲ್ಲಿ ಸುಮಾರು ಎರಡು ಗುಂಪು ಲಾಭದಲ್ಲಿ ಇರುತ್ತವೆ ಎಂದು ಲೆಕ್ಕ ಹೇಳುತ್ತದೆ. ತರಗತಿಯಲ್ಲಿ ಕೂಗು ಕೇಳಿಸಿದ್ದು ಗೆದ್ದವರಿಂದಲೇ, ಸೋತವರು ಸುಮ್ಮನಿದ್ದರು. ಹಳ್ಳಿಯ ಇಸ್ಪೀಟು ಕಟ್ಟೆಯಲ್ಲೂ ಹೀಗೆಯೇ ಅಲ್ಲವೇ?

ಮಿದುಳಿನ ಕಡೆಯ ಮಾತನ್ನು ಒಂದೇ ಉದಾಹರಣೆಗೆ ಸೀಮಿತಗೊಳಿಸುವುದು ಮೇಲು. ವೊಲ್ಫ್‌ರಾಂ ಶುಲ್ಟ್ಸ್ ಎಂಬ ನರವಿಜ್ಞಾನಿ ಮಂಗಗಳಿಗೆ ಹಣ್ಣಿನ ರಸ ಕೊಟ್ಟು ಡೋಪಮಿನ್ ನರಕೋಶಗಳನ್ನು ಗಮನಿಸಿದರು. ಅನಿರೀಕ್ಷಿತವಾಗಿ ರಸ ಸಿಕ್ಕಾಗ ಆ ಕೋಶಗಳು ಚುರುಕಾದವು. ದೀಪದಂಥ ಸಂಕೇತದ ಹಿಂದೆಯೇ ರಸ ಬರುತ್ತದೆ ಎಂದು ಕಲಿತ ಮೇಲೆ ಸಂಕೇತಕ್ಕೇ ಚುರುಕಾಗತೊಡಗಿದವು, ರಸಕ್ಕೆ ಅಲ್ಲ. ನಿರೀಕ್ಷಿಸಿದ ರಸ ಬಾರದಿದ್ದರೆ ಮಂಕಾದವು. ಅಂದರೆ ಅವು ಸುಖವನ್ನಲ್ಲ, ನಿರೀಕ್ಷೆಗೂ ದೊರೆತದ್ದಕ್ಕೂ ಇರುವ ಅಂತರವನ್ನು ತೋರಿಸುತ್ತಿದ್ದವು. ಖಚಿತ ಬಹುಮಾನದಲ್ಲಿ ಈ ಅಂತರ ಕರಗಿ ಆಟ ಸಪ್ಪೆಯಾಗುತ್ತದೆ. ಊಹೆಗೆ ಸಿಗದ ಬಹುಮಾನದಲ್ಲಿ ಅದು ಕರಗುವುದೇ ಇಲ್ಲ. ಮೊಬೈಲಿನ ನೋಟಿಫಿಕೇಶನ್ ಸದ್ದಿಗೇ ಕೈ ಹೋಗುವುದನ್ನು ಮಕ್ಕಳೇ ಇಲ್ಲಿ ಹೇಳಿದರು. 'ಡೋಪಮಿನ್ ಎಂದರೆ ಸುಖದ ರಾಸಾಯನಿಕ' ಎಂದು ಮೊದಲ ಚಾರ್ಟಿನಲ್ಲಿದ್ದುದನ್ನು ಹೊಡೆದುಹಾಕಿಸಿದೆ.

ಪ್ರಶಿಕ್ಷಣಾರ್ಥಿಗಳು ಎಡವುವ ಜಾಗ ಇನ್ನೊಂದಿದೆ. ಋಣಾತ್ಮಕ ಪುನರ್ಬಲನವನ್ನು ಶಿಕ್ಷೆ ಎಂದೇ ಬಹಳ ಮಂದಿ ಬರೆಯುತ್ತಾರೆ. ಅಹಿತವಾದದ್ದು ತೊಲಗಿ ವರ್ತನೆ ಬಲಗೊಂಡರೆ ಅದು ಋಣಾತ್ಮಕ ಪುನರ್ಬಲನ. ಸಾಲಗಾರರ ಚಿಂತೆ ಮರೆಯಲು ಆಡುವವನಿಗೆ, ಆಡಿದಷ್ಟು ಹೊತ್ತು ಚಿಂತೆ ದೂರವಾಗುತ್ತದೆ. ಗೆಲ್ಲದಿದ್ದರೂ ಅಭ್ಯಾಸಕ್ಕೆ ಬಲ ಬರುತ್ತದೆ. ಆಟ ಸಾಲ ಹೆಚ್ಚಿಸುತ್ತದೆ, ಸಾಲ ಆಟಕ್ಕೆ ಕರೆಯುತ್ತದೆ.

ಈ ವಿವರಣೆಗೆ ಮಿತಿಯಿದೆ, ಅದನ್ನೂ ಪಾಠದಲ್ಲಿ ಹೇಳಬೇಕು. ಅಭ್ಯಾಸ ಏಕೆ ಬಿಡದು ಎಂಬುದನ್ನು ಅನುಸೂಚಿ ವಿವರಿಸುತ್ತದೆಯೇ ಹೊರತು ಒಂದೇ ಆಟ ಆಡಿದ ಹತ್ತು ಜನರಲ್ಲಿ ಒಬ್ಬನೇ ಏಕೆ ಸಿಕ್ಕಿಬಿದ್ದ ಎಂಬುದನ್ನಲ್ಲ. ಮೊಬೈಲ್ ಆಟದಲ್ಲಿ ಗೆಳೆಯರ ತಂಡದ ಒತ್ತಾಯ, ಕೌಶಲದ ಖುಷಿ ಇವೆಲ್ಲ ಸೇರಿರುತ್ತವೆ. ಬಹಳ ಹೊತ್ತು ಆಡುವುದೇ ಕಾಯಿಲೆಯೂ ಅಲ್ಲ. 2022ರ ಜನವರಿಯಿಂದ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ರೋಗ ವರ್ಗೀಕರಣ ನೋಡುವುದು ಮೂರು ಸಂಗತಿ: ಹಿಡಿತ ತಪ್ಪಿರುವುದು, ಉಳಿದೆಲ್ಲಕ್ಕಿಂತ ಆಟ ಮುಂದಾಗಿರುವುದು, ಹಾನಿಯಾದರೂ ಮುಂದುವರಿಯುವುದು. ಇವು ಜೀವನವನ್ನು ಗಂಭೀರವಾಗಿ ಕೆಡಿಸಿ, ಸಾಮಾನ್ಯವಾಗಿ ಹನ್ನೆರಡು ತಿಂಗಳಾದರೂ ಇರಬೇಕು. ಶಿಕ್ಷಕರು ಯಾರಿಗೂ ಹಣೆಪಟ್ಟಿ ಕಟ್ಟಬಾರದು. ಗಮನಿಸಿ, ಮನೆಯವರ ಜೊತೆ ಮಾತಾಡಬಹುದು.

ಚಟುವಟಿಕೆ ಮಾಡುವವರಿಗೆ ಎರಡು ಸೂಚನೆ. ನಾಣ್ಯ ಬಳಸಬೇಡಿ, ಚೀಟಿಯನ್ನು ಆಂತರಿಕ ಅಂಕಕ್ಕೂ ಜೋಡಿಸಬೇಡಿ. ಡಬ್ಬಿ ಬದಲಿಸಿದ್ದನ್ನು ಅದೇ ಅವಧಿಯಲ್ಲಿ ತೆರೆದು ತೋರಿಸಿ. ಹದಿನಾಲ್ಕು ಸಲ ಕೈ ಹಾಕಿದವನನ್ನು ನೋಡಿ ಯಾರೂ ನಗದಂತೆ, ಅವನು ಮಾಡಿದ್ದು ಲೆಕ್ಕಕ್ಕೆ ಸರಿಯಾದದ್ದೇ ಎಂದು ಮೊದಲೇ ಹೇಳಿ.

ಪಾಠ ಮುಗಿದ ಮೇಲೆ ಅದೇ ಹುಡುಗ ಬಾಗಿಲ ಬಳಿ ನಿಂತಿದ್ದ. "ಸರ್, ಮಾವ ಎರಡು ತಿಂಗಳು ಬಿಟ್ಟಿದ್ರು. ಒಂದ್ಸಲ ಗೆದ್ರು, ಮತ್ತೆ ಶುರು." ಈ ಸಲ ಶಿಕ್ಷಕರು ಉಪದೇಶ ಮಾಡಲಿಲ್ಲ. ನಂದಿದ ವರ್ತನೆ ಅಳಿಸಿಹೋಗಿರುವುದಿಲ್ಲ, ಒಂದು ಗೆಲುವು ಸಾಕು ಎಂದು ವಿವರಿಸಿದರು. ಅದಕ್ಕೇ ಮನಸ್ಸಿಗಿಂತ ಮೊದಲು ದಾರಿ ಮುಚ್ಚಬೇಕು: ಮಾವ ಒಪ್ಪಿದರೆ ಆಟ ಫೋನಿನಿಂದ ಹೋಗಲಿ, ಹಣದ ಖಾತೆ ಸ್ವಲ್ಪ ದಿನ ಅತ್ತೆಯ ಕೈಯಲ್ಲಿರಲಿ, ಸಾಲ ತೀರಿಸಿಕೊಟ್ಟು ಮತ್ತೆ ನಗದು ಕೊಡುವುದು ಬೇಡ ಎಂದರು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇಂಥ ವ್ಯಸನಕ್ಕೇ ಚಿಕಿತ್ಸಾಲಯವಿದೆ ಎಂದು ಹೇಳಿ, ಟೆಲಿ ಮಾನಸ್ ಸಹಾಯವಾಣಿಯ 14416 ಸಂಖ್ಯೆಯನ್ನು ಅವನ ನೋಟ್‌ಬುಕ್ಕಿನ ಹಿಂಪುಟದಲ್ಲಿ ಬರೆದುಕೊಟ್ಟರು.